ಹಾಟ್‌ಸ್ಪಾಟ್ ಹಂಚಿದರೆ ನೆಟ್ ಎಲ್ಲಿ ಸೋರುತ್ತದೆ? ಸಪ್ತಾಪುರದ ಒಂದು ರೂಮಿನ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ನನ್ನ ಅಕ್ಕನ ಮಗ ಮೂವರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದಾನೆ. ನಾಲ್ವರೂ ಪಿಎಸ್‌ಐ, ಕೆಎಎಸ್ ಅಂತ ಪರೀಕ್ಷೆಗೆ ಓದುವವರು. ಬಾಡಿಗೆ ರೂಮು, ಯಾವಾಗ ಬಿಡುತ್ತಾರೋ ಗೊತ್ತಿಲ್ಲ. ಹಾಗಾಗಿ ಕೇಬಲ್ ಎಳೆಸಿ ವೈಫೈ ಹಾಕಿಸಿಲ್ಲ. ಇವನ ಫೋನಿನ ಹಾಟ್‌ಸ್ಪಾಟೇ ಎಲ್ಲರಿಗೂ ಗತಿ. ತಿಂಗಳ ರೀಚಾರ್ಜಿಗೆ ನಾಲ್ವರೂ ದುಡ್ಡು ಕೂಡಿಸುತ್ತಾರೆ. ಎರಡು ಲ್ಯಾಪ್‌ಟಾಪ್, ಮೂರು ಫೋನು ಅದಕ್ಕೆ ಜೋತುಬಿದ್ದಿರುತ್ತವೆ.

ಒಂದು ರಾತ್ರಿ ಅವನ ಫೋನು ಬಂತು. "ಮಾಮಾ, ನೆಟ್ ನಡೀವಲ್ದು. ಮಾಕ್ ಟೆಸ್ಟ್ ಬರೀವಾಗ ಪ್ರಶ್ನೀನ ತೆರೀವಲ್ದು, ಬರೇ ಗುಂಡಗ ತಿರಗಾಕತ್ತೈತಿ. ಇನ್ನೂ ದೊಡ್ಡ ರೀಚಾರ್ಜ್ ಮಾಡ್ಸಲೇನು?"

"ಈಗ ಏನೂ ಮಾಡಸಬ್ಯಾಡ, ತಡಿ. ರವಿವಾರ ಬರ್ತೀನಿ" ಅಂದೆ.

ನಾನು ಹುಬ್ಬಳ್ಳಿಯಲ್ಲಿ ಅಂಗಡಿ, ಆಫೀಸುಗಳಿಗೆ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಹಾಟ್‌ಸ್ಪಾಟ್ ನಿಧಾನವಾದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಕಂಪನಿಯನ್ನು ಬೈಯುತ್ತಾರೆ, ಇಲ್ಲವೇ ದೊಡ್ಡ ಪ್ಲಾನ್ ಹಾಕಿಸುತ್ತಾರೆ. ಎಷ್ಟೋ ಸಲ ತಪ್ಪು ಈ ಎರಡರಲ್ಲೂ ಇರುವುದಿಲ್ಲ. ಆ ರವಿವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ, ಆ ರೂಮಿನಲ್ಲಿ ಒಂದೊಂದೇ ನೋಡುತ್ತಾ ಬಂದೆ. ಅದೇ ಸಾಲಿನಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇದೇ ಸಾಲಿನಲ್ಲಿ ನೋಡಿ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಹಾಟ್‌ಸ್ಪಾಟಿನಲ್ಲಿ ನೆಟ್ ಎರಡು ಹಾದಿ ದಾಟಿ ಬರುತ್ತದೆ. ಒಂದು, ಟವರಿನಿಂದ ಫೋನಿಗೆ. ಇನ್ನೊಂದು, ಫೋನಿನಿಂದ ಲ್ಯಾಪ್‌ಟಾಪಿಗೆ. ಮೊದಲನೆಯದು ಮೊಬೈಲ್ ನೆಟ್‌ವರ್ಕ್, ಎರಡನೆಯದು ವೈಫೈ. ಎರಡರಲ್ಲಿ ಯಾವುದು ಹದಗೆಟ್ಟರೂ ಕಣ್ಣಿಗೆ ಕಾಣುವುದು ಒಂದೇ: ಪರದೆ ಮೇಲೆ ತಿರುಗುವ ಚಕ್ರ. ಯಾವ ಹಾದಿ ಕೆಟ್ಟಿದೆ ಅಂತ ಗೊತ್ತಾಗದೆ ಮದ್ದು ಹಾಕಿದರೆ ದುಡ್ಡು ದಂಡ.

ಮೊದಲು ದಿನದ ಡೇಟಾ ಉಳಿದಿದೆಯಾ ನೋಡಿ

ಇದು ತೀರಾ ಸಣ್ಣ ವಿಷಯ. ಆದರೆ ಅರ್ಧದಷ್ಟು ದೂರುಗಳು ಇಲ್ಲೇ ಮುಗಿಯುತ್ತವೆ. ನಮ್ಮಲ್ಲಿ ಹೆಚ್ಚಿನವರದು ದಿನಕ್ಕೆ 1.5 ಜಿಬಿ ಅಥವಾ 2 ಜಿಬಿಯ ಪ್ಲಾನ್. ಅದು ಮುಗಿದರೆ ನೆಟ್ ಪೂರ್ತಿ ನಿಲ್ಲುವುದಿಲ್ಲ. ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇದು ಕಿಲೋಬಿಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್. ಹಾಗಂದರೆ ಸೆಕೆಂಡಿಗೆ 8 ಕೆಬಿ. ವಾಟ್ಸಾಪಿನಲ್ಲಿ ಬಂದ 200 ಕೆಬಿಯ ಒಂದು ಫೋಟೋ ತೆರೆಯಲು 25 ಸೆಕೆಂಡು ಬೇಕು. 1 ಎಂಬಿಯ ಪಿಡಿಎಫ್‌ಗೆ ಎರಡು ನಿಮಿಷ ದಾಟುತ್ತದೆ. ಇದನ್ನು ನಾಲ್ಕು ಜನ ಹಂಚಿಕೊಂಡರೆ ಯಾವ ಪುಟವೂ ತೆರೆಯುವುದಿಲ್ಲ. ಆದರೆ ಮೇಲೆ ಸಿಗ್ನಲ್ ಕಡ್ಡಿ ಮಾತ್ರ ಪೂರ್ತಿ ತೋರಿಸುತ್ತಿರುತ್ತದೆ.

ಪರೀಕ್ಷಿಸುವುದು ಸುಲಭ. ನಿಮ್ಮ ಕಂಪನಿಯ ಆ್ಯಪ್ ತೆರೆದು ಇವತ್ತಿನ ಡೇಟಾ ಎಷ್ಟು ಉಳಿದಿದೆ ಅಂತ ನೋಡಿ. ರಾತ್ರಿ 12 ಗಂಟೆ ದಾಟಿದ ಮೇಲೆ ನೆಟ್ ತಾನಾಗೇ ಚುರುಕಾಗುತ್ತದೆ ಅಂದರೆ ಬೇರೆ ಕಾರಣ ಹುಡುಕಬೇಡಿ.

ಇವನ ಪ್ಲಾನಿನಲ್ಲಿ ದಿನಕ್ಕೆ 2 ಜಿಬಿ, ಅದರ ಮೇಲೆ ಮಿತಿ ಇಲ್ಲದ 5ಜಿ. "5ಜಿ ಐತಲ್ಲ ಮಾಮಾ, ಡೇಟಾ ಹೆಂಗ ಮುಗೀತದ?" ಅಂದ. ಒಳ್ಳೆಯ ಪ್ರಶ್ನೆಯೇ. ಆದರೆ ಆ ಮಿತಿ ಇಲ್ಲದ ಲೆಕ್ಕ ಫೋನು 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ. 4ಜಿಗೆ ಜಾರಿದ ಕೂಡಲೇ ಬಳಸಿದ್ದೆಲ್ಲ ಆ 2 ಜಿಬಿಯಿಂದ ಕಡಿತವಾಗುತ್ತದೆ. ಅವನ ಫೋನು ಗೋಡೆಯೊಳಗಿನ ಶೆಲ್ಫಿನಲ್ಲಿ ಚಾರ್ಜಿಗೆ ಹಾಕಿ ಇಟ್ಟಿದ್ದ. ಪರದೆಯ ಮೂಲೆಯಲ್ಲಿ ನೋಡಿದರೆ 4ಜಿ ಅಂತಿತ್ತು. ಕಿಟಕಿಯ ಹತ್ತಿರ ತಂದರೆ 5ಜಿ ಆಯಿತು. ಅಂದರೆ ದಿನವೂ ಸಂಜೆಯೊಳಗೆ 2 ಜಿಬಿ ಶೆಲ್ಫಿನಲ್ಲೇ ಕರಗಿ ಹೋಗುತ್ತಿತ್ತು. ರಾತ್ರಿ ಟೆಸ್ಟ್ ಬರೆಯುವ ಹೊತ್ತಿಗೆ ಉಳಿಯುತ್ತಿದ್ದದ್ದು ಸೆಕೆಂಡಿಗೆ 8 ಕೆಬಿ.

ಇಷ್ಟಕ್ಕೇ ಮುಗಿಯಿತಾ ಅಂದರೆ, ಇಲ್ಲ. ಡೇಟಾ ಇದ್ದಾಗಲೂ ನಿಧಾನ ಅಂತ ಹುಡುಗರು ಹೇಳುತ್ತಿದ್ದರು. ಹಾಗಾಗಿ ಮುಂದಕ್ಕೆ ಹೋದೆವು.

ಮೊದಲ ಹಾದಿ: ಟವರಿನಿಂದ ಫೋನಿಗೆ

ಹಾಟ್‌ಸ್ಪಾಟ್ ಬಂದ್ ಮಾಡಿ. ಹಂಚುವ ಫೋನಿನಲ್ಲೇ ಬ್ರೌಸರ್ ತೆರೆದು `fast.com` ಅಂತ ಹೊಡೆದು ವೇಗ ನೋಡಿ. ಫೋನು ದಿನಾ ಇಡುವ ಜಾಗದಲ್ಲಿ ಒಮ್ಮೆ, ಕಿಟಕಿಯಲ್ಲಿ ಒಮ್ಮೆ. ಹತ್ತಾರು ಸಲ ನೋಡುತ್ತಾ ಕೂರಬೇಡಿ. 20 ಎಂಬಿಪಿಎಸ್ ವೇಗದಲ್ಲಿ 15 ಸೆಕೆಂಡಿನ ಒಂದು ಪರೀಕ್ಷೆ ಸುಮಾರು 40 ಎಂಬಿ ತಿನ್ನುತ್ತದೆ.

ನಮಗೆ ಶೆಲ್ಫಿನಲ್ಲಿ ಸಿಕ್ಕಿದ್ದು 6 ಎಂಬಿಪಿಎಸ್, ಕಿಟಕಿಯಲ್ಲಿ 21. ನಡುವಿನ ದೂರ ಹತ್ತು ಅಡಿ ಅಷ್ಟೇ. ಹುಡುಗರಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಸಿಗ್ನಲ್ ಲೆಕ್ಕವನ್ನೇ ತೆಗೆದು ತೋರಿಸಿದೆ. ಆಂಡ್ರಾಯ್ಡ್ ಫೋನಿನಲ್ಲಿ Settings, About phone, SIM status ಒಳಗೆ Signal strength ಅಂತ ಇರುತ್ತದೆ. ಕೆಲವು ಫೋನಿನಲ್ಲಿ Status ಅನ್ನುವ ಇನ್ನೊಂದು ಪುಟದೊಳಗೆ ಇರಬಹುದು. ಅಲ್ಲಿ ಮೈನಸ್ ಗುರುತಿನ ಒಂದು ಸಂಖ್ಯೆ, ಮುಂದೆ dBm ಅಂತ ಬರುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಸಿಗ್ನಲ್ ಒಳ್ಳೆಯದು. ಮೈನಸ್ 85ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 100ಕ್ಕೆ ಬಂದರೆ ಹೇಗೋ ನಡೆಯುತ್ತದೆ. ಮೈನಸ್ 110 ದಾಟಿದರೆ ಫೋನು ಒದ್ದಾಡುತ್ತಿದೆ ಅಂತ ಅರ್ಥ.

ಶೆಲ್ಫಿನಲ್ಲಿ ಮೈನಸ್ 112 ಇತ್ತು, ಕಿಟಕಿಯಲ್ಲಿ ಮೈನಸ್ 94. ಬರೀ 18ರ ವ್ಯತ್ಯಾಸ ಅಂದುಕೊಳ್ಳಬೇಡಿ. ಈ ಅಳತೆಯಲ್ಲಿ 3 ಹೆಚ್ಚಾದರೆ ಸಿಗ್ನಲ್ಲಿನ ಶಕ್ತಿ ಎರಡು ಪಟ್ಟಾಗುತ್ತದೆ. 18 ಹೆಚ್ಚಾದರೆ ಸುಮಾರು 60 ಪಟ್ಟು. ಗೋಡೆಯೊಳಗೆ ಇಟ್ಟ ಫೋನಿಗೆ ಕಿಟಕಿಯಲ್ಲಿ ಸಿಗುವುದರ 60ರಲ್ಲಿ ಒಂದು ಪಾಲು ಮಾತ್ರ ಮುಟ್ಟುತ್ತಿತ್ತು. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಗಳಲ್ಲಿ ಇದು ಇನ್ನೂ ಜಾಸ್ತಿ ಆಗುತ್ತದೆ. ಗದಗದಲ್ಲಿ ಅಂಥದೇ ಒಂದು ಮನೆಯಲ್ಲಿ ಪಡಸಾಲೆಯ ಕಿಟಕಿ ಬಿಟ್ಟು ಒಳಕೋಣೆಗೆ ಹೋದರೆ ಕರೆ ಕಟ್ಟಾಗುವುದನ್ನೇ ನೋಡಿದ್ದೇನೆ.

ಹಾಗಾಗಿ ಮೊದಲ ಮದ್ದು ಬಿಟ್ಟಿಯದು. ಫೋನು ಕಿಟಕಿಗೆ ಬರಲಿ. ಯಾವ ಕಿಟಕಿ ಅಂತ ಸುಮ್ನೆ ಊಹಿಸಬೇಡಿ. ಪ್ರತಿ ಕಿಟಕಿಯಲ್ಲೂ ಒಂದು ನಿಮಿಷ ಇಟ್ಟು ಆ ಸಂಖ್ಯೆ ನೋಡಿ. ಸಾಮಾನ್ಯವಾಗಿ ಟವರ್ ಯಾವ ದಿಕ್ಕಿಗಿದೆಯೋ ಆ ಕಡೆಯ ಕಿಟಕಿ ಗೆಲ್ಲುತ್ತದೆ.

ಕಿಟಕಿಗೆ ಇಡುವಾಗ ಬಿಸಿಲಿನ ಕಡೆಗೂ ಗಮನ ಇರಲಿ. ಹಾಟ್‌ಸ್ಪಾಟ್ ಓಡುವಾಗ ಫೋನು ಎರಡು ರೇಡಿಯೋಗಳನ್ನು ಒಟ್ಟಿಗೆ ನಡೆಸುತ್ತದೆ. ಜೊತೆಗೆ ಚಾರ್ಜಿಗೂ ಹಾಕಿರುತ್ತೀರಿ. ಮೇಲಿಂದ ಏಪ್ರಿಲ್ ಬಿಸಿಲು. ಫೋನು ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಚಾರ್ಜಿಂಗ್ ಕೂಡ ನಿಧಾನವಾಗುತ್ತದೆ. ಮೊದಲ ಅರ್ಧ ಗಂಟೆ ನೆಟ್ ಚೆನ್ನಾಗಿದ್ದು, ಆಮೇಲೆ ಬಿದ್ದುಹೋದರೆ ಫೋನಿನ ಬೆನ್ನು ಮುಟ್ಟಿ ನೋಡಿ. ಕೈಗೆ ಸುಡುವಂತಿದ್ದರೆ ಕವರ್ ತೆಗೆಯಿರಿ, ಹಾಸಿಗೆ ದಿಂಬಿನ ಮೇಲಿಂದ ಎತ್ತಿ ಕಲ್ಲಿನ ಕಟ್ಟೆಯ ಮೇಲೆ ನೆರಳಿನಲ್ಲಿ ಇಡಿ. ಹತ್ತು ನಿಮಿಷಕ್ಕೆ ಸರಿಹೋಗುತ್ತದೆ.

ಎರಡನೆಯ ಹಾದಿ: ಫೋನಿನಿಂದ ಲ್ಯಾಪ್‌ಟಾಪಿಗೆ

ಫೋನು ಕಿಟಕಿಗೆ ಹೋಯಿತು, ಫೋನಿನಲ್ಲಿ 21 ಬಂತು. ಆದರೆ ಬಾಗಿಲ ಬಳಿ ಕುಳಿತವನ ಲ್ಯಾಪ್‌ಟಾಪಿನಲ್ಲಿ ಇನ್ನೂ 3! ಈಗ ತಪ್ಪು ಎರಡನೆಯ ಹಾದಿಯದು. ಇದನ್ನು ಖಚಿತ ಮಾಡಿಕೊಳ್ಳಲು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಪರೀಕ್ಷೆ ಇದೆ. ಸ್ಟಾರ್ಟ್ ಒತ್ತಿ `cmd` ಅಂತ ಹೊಡೆದು, ಬರುವ ಕಪ್ಪು ಕಿಟಕಿಯಲ್ಲಿ ಇದನ್ನು ಹೊಡೆಯಿರಿ:

```
ipconfig
```

ವೈಫೈ ಭಾಗದಲ್ಲಿ Default Gateway ಅಂತ ಒಂದು ಸಾಲು ಬರುತ್ತದೆ. ಅದರ ಮುಂದಿನ ಸಂಖ್ಯೆ ಅಂದರೆ ನಿಮ್ಮ ಹಾಟ್‌ಸ್ಪಾಟ್ ಫೋನಿನ ವಿಳಾಸ. ಐಫೋನಾದರೆ ಅದು 172.20.10.1. ಆಂಡ್ರಾಯ್ಡಿನಲ್ಲಿ ಒಂದೊಂದು ಫೋನಿಗೆ ಒಂದೊಂದು ಥರ ಇರುತ್ತದೆ. ಅವತ್ತು ನಮಗೆ ಬಂದದ್ದು 192.168.43.1. ನಿಮಗೆ ಬಂದ ಸಂಖ್ಯೆಯನ್ನು ಮೊದಲ ಸಾಲಿನಲ್ಲಿ ಹಾಕಿ, ಒಂದಾದ ಮೇಲೆ ಒಂದು ಹೊಡೆಯಿರಿ:

```
ping -n 20 192.168.43.1
ping -n 20 8.8.8.8
```

ಮೊದಲನೆಯದು ಲ್ಯಾಪ್‌ಟಾಪಿನಿಂದ ಫೋನಿಗೆ ಹೋಗಿ ವಾಪಸ್ ಬರಲು ಎಷ್ಟು ಹೊತ್ತು ಬೇಕು ಅಂತ ಹೇಳುತ್ತದೆ. ಎರಡನೆಯದು ಫೋನು ದಾಟಿ, ಟವರ್ ದಾಟಿ, ಹೊರಗಿನ ನೆಟ್ಟಿಗೆ ಹೋಗಿ ಬರುವ ಹೊತ್ತು. ಮೊದಲನೆಯದರಲ್ಲಿ time ಅನ್ನುವುದು 10 ms, ಅಂದರೆ 10 ಮಿಲಿಸೆಕೆಂಡಿನ ಒಳಗೆ ಇದ್ದರೆ ವೈಫೈ ಹಾದಿ ಸರಿಯಾಗಿದೆ. ಅದೇ ಕುಪ್ಪಳಿಸಿ 100, 200 ಆಗುತ್ತಿದ್ದರೆ, ನಡುನಡುವೆ Request timed out ಅಂತ ಬಂದರೆ, ವೈಫೈನಲ್ಲೇ ದೋಷ. ಮೊದಲನೆಯದು ಸರಿ ಇದ್ದು ಎರಡನೆಯದು ಮಾತ್ರ ಕೆಟ್ಟಿದ್ದರೆ ತಪ್ಪು ಟವರ್ ಕಡೆಯದು. ಎರಡೇ ನಿಮಿಷದಲ್ಲಿ ಯಾರನ್ನು ಬೈಯಬೇಕು ಅಂತ ತಿಳಿಯುತ್ತದೆ.

ಬಾಗಿಲ ಬಳಿಯ ಲ್ಯಾಪ್‌ಟಾಪಿನಲ್ಲಿ ಮೊದಲ ಪಿಂಗೇ 180 msಗೆ ಹಾರುತ್ತಿತ್ತು. ಇಪ್ಪತ್ತರಲ್ಲಿ ಎರಡು ಉತ್ತರ ಬರಲೇ ಇಲ್ಲ. ಕಿಟಕಿಯ ಮೇಜಿನ ಮೇಲಿಟ್ಟರೆ 4, 5 ms.

ಅಷ್ಟು ಸಣ್ಣ ರೂಮಿನಲ್ಲಿ ಹೀಗೇಕೆ? ದೂರ ಒಂದು ಕಾರಣ, ಜನಸಂದಣಿ ಇನ್ನೊಂದು. ಲ್ಯಾಪ್‌ಟಾಪಿನ ವೈಫೈ ಪಟ್ಟಿ ತೆರೆದು ಎಣಿಸಿದೆವು. 23 ಹೆಸರು! ಪಕ್ಕದ ರೂಮು, ಮೇಲಿನ ಮಹಡಿ, ಎದುರಿನ ಪಿಜಿ, ಎಲ್ಲರದೂ. ಹೆಚ್ಚಿನ ಹಾಟ್‌ಸ್ಪಾಟುಗಳು 2.4 ಗಿಗಾಹರ್ಟ್ಜ್ ಅನ್ನುವ ಬ್ಯಾಂಡಿನಲ್ಲಿ ಇರುತ್ತವೆ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಸಂಜೆ ಹೊತ್ತು ಸುಭಾಸ ರಸ್ತೆಯ ಮಾರ್ಕೆಟ್ಟಿನಲ್ಲಿ ಗಾಡಿ ಓಡಿಸಿದ ಹಾಗೆ ಅದು. ನಿಮ್ಮ ಗಾಡಿ ಎಷ್ಟೇ ಹೊಸದಿದ್ದರೂ ಮುಂದಿನವರು ಸರಿದ ಮೇಲೆಯೇ ಹೋಗಬೇಕು.

5 ಗಿಗಾಹರ್ಟ್ಜ್ ಬ್ಯಾಂಡಿನಲ್ಲಿ ಚಾನೆಲ್ ಜಾಸ್ತಿ, ಗದ್ದಲ ಕಡಿಮೆ. ಆದರೆ ಅದು ಗೋಡೆ ದಾಟಲು ಒದ್ದಾಡುತ್ತದೆ. ಎಲ್ಲರೂ ಒಂದೇ ರೂಮಿನಲ್ಲಿ ಇದ್ದರೆ 5 ಒಳ್ಳೆಯದು. ಅಡುಗೆಮನೆ, ಮಾಳಿಗೆ ಅಂತ ಹಂಚಿಹೋಗಿದ್ದರೆ 2.4 ಬೇಕು. ಬದಲಿಸುವುದು ಹೀಗೆ: ಆಂಡ್ರಾಯ್ಡಿನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ ಒಳಗೆ Band ಅಥವಾ AP Band ಅಂತ ಇರುತ್ತದೆ, ಅಲ್ಲಿ 5 GHz ಆರಿಸಿ. ಕೆಲವು ಫೋನಿನಲ್ಲಿ Extend compatibility ಅನ್ನುವ ಬಟನ್ ಇರುತ್ತದೆ. ಅದು ಆನ್ ಇದ್ದರೆ 2.4, ಆಫ್ ಮಾಡಿದರೆ 5ಕ್ಕೆ ಹೋಗುತ್ತದೆ. ಐಫೋನ್ 12 ಮತ್ತು ಅದರ ಮುಂದಿನವುಗಳಲ್ಲಿ ಇದೇ ಕೆಲಸಕ್ಕೆ Personal Hotspot ಪುಟದಲ್ಲಿ Maximize Compatibility ಇದೆ. ಫೋನಿನಲ್ಲಿ ಈ ಆಯ್ಕೆಯೇ ಕಾಣದಿದ್ದರೆ ಆ ಫೋನಿನ ಹಾಟ್‌ಸ್ಪಾಟಿಗೆ 5ರ ಶಕ್ತಿ ಇಲ್ಲದಿರಬಹುದು.

ಬದಲಿಸಿದ ಮೇಲೆ ಒಬ್ಬನ ಹಳೆಯ ಫೋನಿನಲ್ಲಿ ಹಾಟ್‌ಸ್ಪಾಟ್ ಹೆಸರೇ ಕಾಣದೆ ಹೋಯಿತು. ಗಾಬರಿ ಬೇಡ, ಅದು ಕೆಟ್ಟದ್ದಲ್ಲ. ಆ ಫೋನಿಗೆ 2.4 ಮಾತ್ರ ಗೊತ್ತು. ಅವನಿಗೆ ಹೇಗೂ ಸ್ವಂತ ಸಿಮ್ಮಿನಲ್ಲಿ ಡೇಟಾ ಇತ್ತು, ಅದನ್ನೇ ಬಳಸಲು ಹೇಳಿದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ದೂರ ಕುಳಿತವನೊಬ್ಬನ ವೇಗ ಮಾತ್ರ ಕಡಿಮೆಯಾಗುವುದಿಲ್ಲ, ಹತ್ತಿರದವರ ವೇಗವನ್ನೂ ಅವನು ಎಳೆಯುತ್ತಾನೆ. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ನಮ್ಮ ಹುಬ್ಬಳ್ಳಿ-ಧಾರವಾಡದ ನಲ್ಲಿ ನೆನಪು ಮಾಡಿಕೊಳ್ಳಿ. ನೀರು ಬಿಟ್ಟಾಗ ಸಣ್ಣ ಬಾಯಿಯ ಕೊಡ ಇಟ್ಟವರು ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ತುಂಬಬೇಕು. ಹಿಂದೆ ಅಗಲ ಬಕೆಟ್ ಹಿಡಿದವರು ಅಷ್ಟು ಹೊತ್ತೂ ಕಾಯಬೇಕು. ಸಿಗ್ನಲ್ ಕಡಿಮೆ ಇರುವ ಲ್ಯಾಪ್‌ಟಾಪ್ ಆ ಸಣ್ಣ ಬಾಯಿಯ ಕೊಡ. ಅಷ್ಟೇ ಡೇಟಾಗೆ ಅದು ಹತ್ತು ಪಟ್ಟು ಹೊತ್ತು ಹಿಡಿಯುತ್ತದೆ. ಬಾಗಿಲ ಬಳಿ ಕುಳಿತವನು ಡೌನ್‌ಲೋಡ್ ಹಾಕಿದ ಕೂಡಲೇ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲೂ ವಿಡಿಯೋ ನಿಲ್ಲುತ್ತಿದ್ದದ್ದು ಇದಕ್ಕೇ. ಅವನನ್ನು ಒಳಗೆ ಕರೆದು ಕೂರಿಸಿದ್ದರಿಂದ ಅವನಷ್ಟೇ ಅಲ್ಲ, ನಾಲ್ವರೂ ಗೆದ್ದರು.

ಟೆಸ್ಟ್ ಬರೆಯುವ ಲ್ಯಾಪ್‌ಟಾಪಿಗೆ ಮಾತ್ರ ವೈಫೈ ಬಿಡಿಸಿ ಯುಎಸ್‌ಬಿ ಕೇಬಲ್ ಹಾಕಿದೆ. ಹಾಟ್‌ಸ್ಪಾಟ್ ಪುಟದಲ್ಲೇ USB tethering ಅಂತ ಇರುತ್ತದೆ. ಕೇಬಲ್ ಚುಚ್ಚಿದ ಮೇಲೆಯೇ ಅದು ಒತ್ತಲು ಬರುತ್ತದೆ. ಒತ್ತಿದರೂ ಆನ್ ಆಗದಿದ್ದರೆ ಕೇಬಲ್ ಬದಲಿಸಿ. ಚಾರ್ಜಿಂಗಿಗೆ ಮಾತ್ರ ಆಗುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕೇಬಲಿನಲ್ಲಿ ಗಾಳಿಯ ಗದ್ದಲ ಇಲ್ಲ, ಫೋನೂ ಚಾರ್ಜ್ ಆಗುತ್ತಿರುತ್ತದೆ. ಪರೀಕ್ಷೆ, ಸಂದರ್ಶನ ಅಂತ ಮುಖ್ಯ ಕೆಲಸ ಇದ್ದ ದಿನ ನಾನು ಯಾರಿಗಾದರೂ ಹೇಳುವುದು ಇದನ್ನೇ.

ಯಾರು ಎಳೆಯುತ್ತಿದ್ದಾರೆ?

ಎರಡು ಹಾದಿಯೂ ಸರಿಯಾದ ಮೇಲೆ ಉಳಿದದ್ದು ಪಾಲಿನ ಜಗಳ. 20 ಎಂಬಿಪಿಎಸ್ ಇದೆ, ನಾಲ್ಕು ಜನ ಇದ್ದಾರೆ, ತಲಾ 5 ಸಿಗುತ್ತದೆ ಅಂತ ಹುಡುಗರ ಲೆಕ್ಕ. ಹಾಗೆ ಸಿಗುವುದಿಲ್ಲ. ಫೋನು ಪಾಲು ಮಾಡಿ ಕೊಡುವುದಿಲ್ಲ. ಯಾರು ಜಾಸ್ತಿ ಬಾಯಿ ಹಾಕುತ್ತಾರೋ ಅವರಿಗೆ ಜಾಸ್ತಿ. ಒಬ್ಬನ ಲ್ಯಾಪ್‌ಟಾಪ್ ಹಿಂದಿನಿಂದ ಅಪ್‌ಡೇಟ್ ಇಳಿಸುತ್ತಿದ್ದರೆ, ಪಿಡಿಎಫ್ ಓದುತ್ತಾ ಕುಳಿತ ಮೂವರಿಗೂ ಅದು ಬಿಸಿ ಮುಟ್ಟಿಸುತ್ತದೆ.

ಇಲ್ಲಿ ಮೂಲ ಕಾರಣ ಒಂದೇ. ಲ್ಯಾಪ್‌ಟಾಪಿಗೆ ಇದು ವೈಫೈ ಅಂತ ಮಾತ್ರ ಗೊತ್ತು. ಹಿಂದೆ ಇರುವುದು 2 ಜಿಬಿಯ ಸಿಮ್ ಅಂತ ಗೊತ್ತಿಲ್ಲ. ವೈಫೈ ಅಂದರೆ ಎಷ್ಟಾದರೂ ಇಳಿಸಬಹುದು ಅಂತ ಅದು ಅಂದುಕೊಳ್ಳುತ್ತದೆ. ವಿಂಡೋಸಿನಲ್ಲಿ Settings, Network & internet ಒಳಗಿನ Data usage ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಪಟ್ಟಿಯೇ ಬರುತ್ತದೆ. ಒಂದು ಲ್ಯಾಪ್‌ಟಾಪಿನಲ್ಲಿ ಆ ವಾರ ಎಲ್ಲಕ್ಕಿಂತ ಮೇಲಿದ್ದದ್ದು ವಿಂಡೋಸಿನ ಸ್ವಂತ ಅಪ್‌ಡೇಟ್. ಅವನು ಮಾತ್ರ "ನಾ ಏನೂ ನೋಡೇ ಇಲ್ರೀ" ಅನ್ನುತ್ತಿದ್ದ. ಅವನು ಹೇಳಿದ್ದು ನಿಜವೇ.

ಇದಕ್ಕೆ ಮದ್ದು: ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟಿಗೆ ಜೋಡಿಸಿ. Settings, Network & internet, Wi-Fi ಒಳಗೆ ಹೋಗಿ ಆ ಹಾಟ್‌ಸ್ಪಾಟಿನ properties ತೆರೆಯಿರಿ. Metered connection ಅನ್ನುವುದನ್ನು ಆನ್ ಮಾಡಿ. ಆಮೇಲೆ ದೊಡ್ಡ ಅಪ್‌ಡೇಟುಗಳು ಸುಮ್ಮನಿರುತ್ತವೆ. ಒಂದು ಸಲ ಮಾಡಿದರೆ ಆ ಹೆಸರಿನ ಹಾಟ್‌ಸ್ಪಾಟಿಗೆ ಅದು ಉಳಿಯುತ್ತದೆ. ಹಾಟ್‌ಸ್ಪಾಟ್ ಹೆಸರು ಬದಲಿಸಿದರೆ ಮತ್ತೆ ಮಾಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಜೋಡಿಸಿದ ವೈಫೈನ ವಿವರದ ಪುಟದಲ್ಲಿ Treat as metered ಅಂತ ಇರುತ್ತದೆ. ಐಫೋನಿನಲ್ಲಿ ಅದೇ ಜಾಗದಲ್ಲಿ Low Data Mode.

ಫೋಟೋ ಬ್ಯಾಕಪ್ ಕೂಡ ನೋಡಿ. ಅದು ಕಳಿಸುವ ಕಡೆಯ ಕೆಲಸ, ಇಳಿಸುವುದಕ್ಕೆ ಏನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ. ನೀವು ಇಳಿಸುವಾಗಲೂ ನಿಮ್ಮ ಕಡೆಯಿಂದ "ಇಷ್ಟು ಮುಟ್ಟಿತು, ಮುಂದಿನದು ಕಳಿಸು" ಅಂತ ಸಣ್ಣ ಉತ್ತರಗಳು ಹೋಗುತ್ತಲೇ ಇರುತ್ತವೆ. ಫೋನಿನಿಂದ ಟವರಿಗೆ ಹೋಗುವ ಹಾದಿ ಮೊದಲೇ ಸಣ್ಣದು. ಅದರಲ್ಲಿ 300 ಫೋಟೋ ಸಾಲುಗಟ್ಟಿದರೆ ಆ ಸಣ್ಣ ಉತ್ತರಗಳು ಹಿಂದೆ ಸಿಕ್ಕಿಬೀಳುತ್ತವೆ. ಆಗ ಇಳಿಯುವುದೂ ನಿಲ್ಲುತ್ತದೆ. ಊರಿನ ಜಾತ್ರೆ, ಮದುವೆ ಮುಗಿಸಿ ಬಂದ ಮರುದಿನ ರೂಮಿನ ನೆಟ್ ಸತ್ತಂತೆ ಆಗುವುದು ಇದಕ್ಕೇ ಇರಬಹುದು, ನೋಡಿ.

ಸಾಧನಗಳಿಗೆ ಮಿತಿ ಹಾಕುವುದು

ಈಗ ಅವನ ಫೋನಿನಲ್ಲಿ ಹಾಟ್‌ಸ್ಪಾಟ್ ಪುಟ ತೆರೆದು Connected devices ನೋಡಿದೆವು. ಕೇಬಲಿನ ಲ್ಯಾಪ್‌ಟಾಪ್, ಆ ಹಳೆಯ ಫೋನು ಬಿಟ್ಟರೆ ವೈಫೈನಲ್ಲಿ ಉಳಿದ ರೂಮಿನ ಸಾಧನ ಮೂರು. ಪಟ್ಟಿಯಲ್ಲಿ ಐದು ಇದ್ದವು. ಒಂದು ಪಕ್ಕದ ರೂಮಿನ ಗೆಳೆಯನದು, ಎರಡು ತಿಂಗಳ ಹಿಂದೆ ಯಾವುದೋ ಫಾರ್ಮ್ ತುಂಬಲು ಪಾಸ್‌ವರ್ಡ್ ಪಡೆದಿದ್ದ. ಇನ್ನೊಂದು ಯಾರದು ಅಂತ ಹುಡುಕಿದರೆ, ಕೆಳಗಿನ ಮನೆಯ ಅಜ್ಜಿಯ ಮೊಮ್ಮಗಳ ಟ್ಯಾಬ್! ಪಕ್ಕದ ರೂಮಿನವನೇ ಕೊಟ್ಟಿದ್ದ. ಕೊಡಲು ಅವನಿಗೆ ಪಾಸ್‌ವರ್ಡ್ ಬಾಯಿಪಾಠ ಇರಬೇಕಾಗಿಲ್ಲ. ಒಮ್ಮೆ ಜೋಡಿಸಿದ ಆಂಡ್ರಾಯ್ಡ್ ಫೋನಿನ ವೈಫೈ ಪುಟದಲ್ಲಿ Share ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಇನ್ನೊಬ್ಬರು ಅದನ್ನು ಸ್ಕ್ಯಾನ್ ಮಾಡಿದರೆ ಒಳಗೆ. ನೀವು ಒಬ್ಬರಿಗೆ ಕೊಟ್ಟದ್ದು ಒಬ್ಬರಲ್ಲೇ ಉಳಿಯುವುದಿಲ್ಲ ಅಂತ ತಿಳಿದೇ ಕೊಡಿ.

ಯಾರೂ ಕದ್ದಿರಲಿಲ್ಲ, ಮಗುವಿಗೆ ಅದು ಯಾರ ನೆಟ್ ಅಂತಲೂ ಗೊತ್ತಿರಲಿಲ್ಲ. ಅಳಿಯ ಕೆಳಗೆ ಹೋಗಿ, "ಅಜ್ಜೀ, ಪರೀಕ್ಷಾ ಮುಗಿಯೂಮಟ ನೆಟ್ ನಮಗ ಸಾಲಂಗಿಲ್ರೀ" ಅಂತ ಹೇಳಿ ಬಂದ. ಆಮೇಲೆ ಫೋನಿನಲ್ಲಿ ಮಿತಿ ಹಾಕಿದೆವು.

ಇದರಲ್ಲಿ ಯಾವುದು ಮೊದಲು ಅನ್ನುವುದು ಮುಖ್ಯ. ಮೊದಲು ಪಾಸ್‌ವರ್ಡ್ ಬದಲಿಸಿ. ಬದಲಿಸಿದ ಕೂಡಲೇ ಹಳೆಯದು ಇಟ್ಟುಕೊಂಡವರೆಲ್ಲ ಹೊರಗೆ. Security ಅನ್ನುವಲ್ಲಿ WPA2 ಅಥವಾ WPA3 ಇರಲಿ, None ಬೇಡವೇ ಬೇಡ. WPA3 ಹಾಕಿದಾಗ ಹಳೆಯ ಲ್ಯಾಪ್‌ಟಾಪ್ ಜೋಡಿಸಲು ಆಗದಿದ್ದರೆ WPA2ಗೆ ಇಳಿಸಿ. ಹೊಸ ಪಾಸ್‌ವರ್ಡನ್ನು ಯಾರಿಗೂ ಹೇಳದೆ, ನೀವೇ ಒಬ್ಬೊಬ್ಬರ ಸಾಧನದಲ್ಲಿ ಹೊಡೆದುಕೊಡಿ.

ಎರಡನೆಯದು ಸಂಖ್ಯೆಯ ಮಿತಿ. ಸ್ಯಾಮ್‌ಸಂಗ್‌ನಲ್ಲಿ Settings, Connections, Mobile Hotspot and Tethering ಒಳಗೆ ಹೋಗಬೇಕು. ಶಿಯೋಮಿ, ರೆಡ್ಮಿ ಫೋನುಗಳಲ್ಲಿ Portable hotspot ಅಂತ ಹುಡುಕಿ. ಬೇರೆ ಫೋನುಗಳಲ್ಲಿ Settings ಮೇಲಿನ ಹುಡುಕುವ ಜಾಗದಲ್ಲಿ hotspot ಅಂತ ಹೊಡೆದರೆ ಪುಟ ಸಿಗುತ್ತದೆ. ಅದರೊಳಗೆ ಎಷ್ಟು ಸಾಧನ ಸೇರಬಹುದು ಅಂತ ಆರಿಸುವ ಜಾಗ ಹಲವು ಫೋನುಗಳಲ್ಲಿದೆ. ಮೊದಲಿಂದ ಅದು ಸಾಮಾನ್ಯವಾಗಿ 8 ಅಥವಾ 10ಕ್ಕೆ ಇರುತ್ತದೆ. ನಾವು 3ಕ್ಕೆ ಇಳಿಸಿದೆವು. ಯುಎಸ್‌ಬಿ ಕೇಬಲಿನ ಲ್ಯಾಪ್‌ಟಾಪ್ ವೈಫೈನ ಈ ಲೆಕ್ಕಕ್ಕೆ ಬರುವುದಿಲ್ಲ.

ಪಾಸ್‌ವರ್ಡ್ ಬದಲಿಸದೆ ಬರೀ ಸಂಖ್ಯೆ ಇಳಿಸಿದರೆ ಏನಾಗುತ್ತದೆ ಗೊತ್ತಾ? ಫೋನಿಗೆ ನಿಮ್ಮವರು, ಹೊರಗಿನವರು ಅನ್ನುವ ಭೇದ ಇಲ್ಲ. ಮೊದಲು ಬಂದವರಿಗೆ ಜಾಗ. ಕೆಳಗಿನ ಮನೆಯ ಟ್ಯಾಬ್ ತಾನಾಗೇ ಮೊದಲು ಸೇರಿಕೊಂಡರೆ, ಟೆಸ್ಟ್ ಬರೆಯಬೇಕಾದ ನಿಮ್ಮ ಲ್ಯಾಪ್‌ಟಾಪ್ ಹೊರಗೆ ನಿಲ್ಲುತ್ತದೆ. ಅದಕ್ಕೇ ಪಾಸ್‌ವರ್ಡ್ ಮೊದಲು.

ಮೂರನೆಯದು ಬ್ಲಾಕ್ ಮಾಡುವುದು. ಪಟ್ಟಿಯಲ್ಲಿ ಆ ಸಾಧನದ ಹೆಸರು ಒತ್ತಿದರೆ Block ಬರುವ ಫೋನುಗಳಿವೆ. ತುರ್ತಿಗೆ ಒಳ್ಳೆಯದು, ಪೂರ್ತಿ ನಂಬಬೇಡಿ. ಫೋನು ತಡೆಯುವುದು ಆ ಸಾಧನದ ಮ್ಯಾಕ್ ವಿಳಾಸವನ್ನು, ಅಂದರೆ ವೈಫೈನಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು. ಈಗಿನ ಫೋನುಗಳು ನಿಜವಾದ ಮ್ಯಾಕ್ ಬದಲು ತಾವೇ ಸೃಷ್ಟಿಸಿದ ಒಂದು ವಿಳಾಸ ತೋರಿಸುತ್ತವೆ. ಎದುರಿನವರು ವೈಫೈನ Privacy ಸೆಟ್ಟಿಂಗ್ ಬದಲಿಸಿದರೆ ಹೊಸ ವಿಳಾಸದಲ್ಲಿ ಮತ್ತೆ ಬರಬಹುದು.

ಐಫೋನಿನವರಿಗೆ ಒಂದು ಮಾತು. ಅದರಲ್ಲಿ ಸಂಖ್ಯೆ ಇಳಿಸುವ ಜಾಗವೂ ಇಲ್ಲ, ಒಬ್ಬರನ್ನು ಆರಿಸಿ ಬ್ಲಾಕ್ ಮಾಡುವ ಜಾಗವೂ ಇಲ್ಲ. Personal Hotspot ಪುಟದಲ್ಲಿ Wi-Fi Password ಬದಲಿಸಬೇಕು. ಕೆಲಸ ಮುಗಿದ ಮೇಲೆ Allow Others to Join ಆಫ್ ಮಾಡಬೇಕು. ಇರುವ ಮದ್ದು ಇಷ್ಟೇ.

ಡೇಟಾಕ್ಕೇ ಮಿತಿ ಹಾಕುವ ಆಯ್ಕೆ ಕೂಡ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿದೆ. ಒಂದು ಸಲಕ್ಕೆ 500 ಎಂಬಿ ಅಂತ ಹಾಕಿದರೆ ಅಷ್ಟು ಮುಗಿದ ಮೇಲೆ ಹಾಟ್‌ಸ್ಪಾಟ್ ಬಂದ್ ಆಗುತ್ತದೆ. ಬೇರೆಯವರಿಗೆ ಸ್ವಲ್ಪ ಹೊತ್ತಿಗೆ ಕೊಡುವಾಗ ಇದು ಬಹಳ ಉಪಯೋಗ. ಯಾರೂ ಜೋಡಿಸಿಲ್ಲದಿದ್ದರೆ ತಾನಾಗೇ ಆಫ್ ಆಗುವ ಆಯ್ಕೆಯನ್ನೂ ಆನ್ ಇಡಿ, ಬ್ಯಾಟರಿ ಉಳಿಯುತ್ತದೆ. ಹಾಟ್‌ಸ್ಪಾಟ್ ಆನ್ ಆಗಲೇ ಒಲ್ಲದು ಅಂತಾದರೆ ಹಂಚುವ ಫೋನಿನಲ್ಲಿ Data Saver ಆನ್ ಇದೆಯಾ ನೋಡಿ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಆನ್ ಇದ್ದರೆ ಹಾಟ್‌ಸ್ಪಾಟ್ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ

ಅವತ್ತು ಸಂಜೆ 6 ಗಂಟೆಗೆ ಕೇಬಲಿನ ಲ್ಯಾಪ್‌ಟಾಪಿನಲ್ಲಿ 19 ಎಂಬಿಪಿಎಸ್ ಬಂತು. ಮೂವರು ವೈಫೈನಲ್ಲಿ ಇದ್ದಾಗಲೂ ಟೆಸ್ಟಿನ ಪುಟ ತಡೆಯಿಲ್ಲದೆ ತೆರೆಯಿತು. ಫೋನು ಕಿಟಕಿಯಲ್ಲಿ 5ಜಿಯಲ್ಲೇ ನಿಂತದ್ದರಿಂದ 2 ಜಿಬಿ ಬಹುತೇಕ ಹಾಗೇ ಉಳಿಯಿತು. ಹೊಸ ರೀಚಾರ್ಜ್ ಬೇಕಾಗಲಿಲ್ಲ.

ಆದರೆ ರಾತ್ರಿ 9ಕ್ಕೆ ಅವನು ಮತ್ತೆ ನೋಡಿದಾಗ ಅದೇ ಕಿಟಕಿಯಲ್ಲಿ 8 ಬಂತು. ಫೋನಿಗೆ ಹೋಗುವ ಪಿಂಗ್ 5 ms, ಹೊರಗಿನದು 150. ಸಿಗ್ನಲ್ ಅದೇ ಮೈನಸ್ 94. ಸಿಗ್ನಲ್ ಇಳಿಯದೆ ವೇಗ ಇಳಿದರೆ ಅದು ಟವರಿನ ಮೇಲಿನ ಗದ್ದಲ. ಸಪ್ತಾಪುರದಂಥ ಜಾಗದಲ್ಲಿ ರಾತ್ರಿ ಊಟ ಮುಗಿಸಿ ಸಾವಿರಾರು ಹುಡುಗರು ಒಟ್ಟಿಗೆ ವಿಡಿಯೋ ಹಚ್ಚುತ್ತಾರೆ, ಅಲ್ವಾ? ಇದನ್ನು ನಿಮ್ಮ ಫೋನಿನ ಯಾವ ಸೆಟ್ಟಿಂಗೂ ಸರಿ ಮಾಡುವುದಿಲ್ಲ. ಬೆಳಗಿನ 5ಕ್ಕೆ ಅದೇ ಕಿಟಕಿಯಲ್ಲಿ ಅಳೆದು ನೋಡು ಅಂದೆ. 34 ಬಂತಂತೆ. ಈಗ ಅವರು ದಿನದ ಕ್ಲಾಸಿನ ವಿಡಿಯೋಗಳನ್ನು ಬೆಳಗ್ಗೆ ಎದ್ದ ಕೂಡಲೇ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತಾರೆ. ರಾತ್ರಿಯ 8 ಎಂಬಿಪಿಎಸ್ ಪೂರ್ತಿ ಟೆಸ್ಟ್ ಬರೆಯುವವನಿಗೆ ಬಿಡುತ್ತಾರೆ.